ಜಿಮ್‌ಗೆ ಮುನ್ನ ಕಾಫಿ: ಮನೆಯ ಡಿಕಾಕ್ಷನ್‌ನಲ್ಲಿ ಕೆಫೀನ್ ಎಷ್ಟಿರುತ್ತದೆ, ಯಾರಿಗೆ ಎಷ್ಟು ಸಾಕು?

ಕೈಮರ_ಸವಾರ (ಚಿಕ್ಕಮಗಳೂರು)

ಎಲ್ಲರಿಗೂ ನಮಸ್ಕಾರ. ನನಗೆ 34 ವರ್ಷ, ತೂಕ 68 ಕೆ.ಜಿ. ವಾರದಲ್ಲಿ ಮೂರು ದಿನ ಸಂಜೆ ಏಳು ಗಂಟೆಗೆ ಜಿಮ್‌ಗೆ ಹೋಗುತ್ತೇನೆ. ಭಾನುವಾರ ಬೆಳಿಗ್ಗೆ ಕೈಮರದಿಂದ ಸೀತಾಳಯ್ಯನಗಿರಿಯವರೆಗೆ ಸೈಕಲ್‌ನಲ್ಲಿ ಏರುತ್ತೇನೆ. ಕಳೆದ ವಾರ ಜಿಮ್‌ನ ಗೆಳೆಯರೊಬ್ಬರು ವ್ಯಾಯಾಮಕ್ಕೆ ಮುನ್ನ ಕುಡಿಯುವ ಪುಡಿಯ ಡಬ್ಬಿಯೊಂದನ್ನು ಕೊಟ್ಟರು. ಒಂದು ಚಮಚಕ್ಕೆ 200 ಮಿಲಿಗ್ರಾಂ ಕೆಫೀನ್ ಎಂದು ಡಬ್ಬಿಯ ಮೇಲೆ ಬರೆದಿತ್ತು. ಆರೂವರೆಗೆ ಒಂದೂವರೆ ಚಮಚವನ್ನು ನೀರಿನಲ್ಲಿ ಕಲಸಿ ಕುಡಿದೆ. ಅದಕ್ಕೂ ಮೊದಲು ನಾಲ್ಕು ಗಂಟೆಗೆ ಮತ್ತು ಐದೂವರೆಗೆ ಕಚೇರಿಯಲ್ಲಿ ಎರಡು ಲೋಟ ಕಾಫಿ ಕುಡಿದಿದ್ದನ್ನು ನಾನು ಲೆಕ್ಕಕ್ಕೇ ತೆಗೆದುಕೊಂಡಿರಲಿಲ್ಲ. ಮೊದಲ ಅರ್ಧ ಗಂಟೆ ಚೆನ್ನಾಗಿಯೇ ಇತ್ತು. ಆಮೇಲೆ ಕೈ ನಡುಗತೊಡಗಿತು, ತೂಕ ಕೆಳಗಿಟ್ಟು ಕುಳಿತರೂ ಎದೆಬಡಿತ ಇಳಿಯಲಿಲ್ಲ, ರಾತ್ರಿ ಎರಡರವರೆಗೂ ನಿದ್ರೆ ಹತ್ತಲಿಲ್ಲ.

ಆ ಪುಡಿಯನ್ನು ನಾನು ಮತ್ತೆ ಮುಟ್ಟುವುದಿಲ್ಲ. ಆದರೆ ಕಾಫಿ ಬೆಳೆಯುವ ಊರಿನಲ್ಲಿದ್ದು, ಮನೆಯ ಫಿಲ್ಟರ್‌ನಲ್ಲಿ ಇಳಿಯುವ ಡಿಕಾಕ್ಷನ್‌ನಿಂದಲೇ ಈ ಕೆಲಸ ಆಗುವುದಾದರೆ ತಿಳಿದುಕೊಳ್ಳುವ ಆಸೆಯಿದೆ. ನಮ್ಮ ಒಂದು ಲೋಟದಲ್ಲಿ ಕೆಫೀನ್ ಎಷ್ಟಿರುತ್ತದೆ? ಏರು ಹತ್ತುವಾಗ ಅದರಿಂದ ನಿಜವಾಗಿ ಉಪಯೋಗವಿದೆಯೇ, ಅಥವಾ ಅದು ಬರಿಯ ಭ್ರಮೆಯೇ?

ಬೆಳಗಿನ_ಓಟ (ಚಿಕ್ಕಮಗಳೂರು)

ಹತ್ತು ವರ್ಷಗಳಿಂದ ಓಡುತ್ತಿದ್ದೇನೆ, ಆದ್ದರಿಂದ ಅನುಭವದ ಮಾತು ಹೇಳುತ್ತೇನೆ. ಓಟಕ್ಕೆ ಒಂದು ಗಂಟೆ ಮೊದಲು ಕಾಫಿ ಕುಡಿಯಬೇಕು, ಹೊರಡುವ ಹೊತ್ತಿಗೆ ಕುಡಿದರೆ ಪ್ರಯೋಜನವಿಲ್ಲ. ಕರಿ ಕಾಫಿಯೇ ಆಗಬೇಕು, ಹಾಲು ಬೆರೆತರೆ ಕೆಫೀನ್ ಸತ್ತುಹೋಗುತ್ತದೆ. ಅರೇಬಿಕಾ ಒಳ್ಳೆಯ ಜಾತಿಯಾದ್ದರಿಂದ ಅದರಲ್ಲಿ ಶಕ್ತಿಯೂ ಹೆಚ್ಚು, ಅಂಗಡಿಯಲ್ಲಿ ಅದನ್ನೇ ಕೇಳಿ ತೆಗೆದುಕೊಳ್ಳಿ. ಇನ್ನೊಂದು ವಿಷಯವೆಂದರೆ ಕಾಫಿ ಮೈಯ ನೀರನ್ನು ಎಳೆದು ಹೊರಹಾಕುತ್ತದೆ, ಹಾಗಾಗಿ ಕುಡಿದ ಕಾಫಿಯ ಎರಡರಷ್ಟು ನೀರನ್ನು ಕುಡಿಯಲೇಬೇಕು. ದಿನಾಲೂ ಕಾಫಿ ಕುಡಿಯುವವರಿಗೆ ಇದರಿಂದ ಯಾವ ಲಾಭವೂ ಆಗುವುದಿಲ್ಲ. ಸ್ಪರ್ಧೆಗೆ ಮುನ್ನ ಒಂದು ವಾರ ಪೂರ್ತಿ ಬಿಟ್ಟರೆ ಮಾತ್ರ ಫಲ ಕಾಣುತ್ತದೆ.

ಮೂಡಿಗೆರೆ_ತೋಟ

ಅರೇಬಿಕಾದ ಬಗ್ಗೆ ಹೇಳಿದ್ದನ್ನು ಮಾತ್ರ ತಿದ್ದಬೇಕಾಗಿದೆ. ನಮ್ಮಲ್ಲಿ ಎರಡೂ ಇವೆ, ರುಚಿ ನೋಡಿ ಬೀಜವನ್ನು ವಿಂಗಡಿಸುವ ಕೆಲಸವನ್ನೂ ಕೆಲವು ವರ್ಷ ಮಾಡಿದ್ದೇನೆ. ಪರಿಮಳದಲ್ಲಿ ಅರೇಬಿಕಾ ಮೇಲು ಎನ್ನುವುದು ನಿಜ. ಆದರೆ ಕೆಫೀನ್ ವಿಷಯದಲ್ಲಿ ರೋಬಸ್ಟಾ ಅದರ ಸುಮಾರು ಎರಡರಷ್ಟು. ಅರೇಬಿಕಾ ಬೀಜದ ತೂಕದಲ್ಲಿ ಸರಿಸುಮಾರು ಶೇ. 1.2ರಷ್ಟು ಕೆಫೀನ್ ಇದ್ದರೆ ರೋಬಸ್ಟಾದಲ್ಲಿ ಶೇ. 2.2ರ ಆಸುಪಾಸಿನಲ್ಲಿ ಇರುತ್ತದೆ. ರೋಬಸ್ಟಾ ಗಿಡ ಹುಳುಬಾಧೆಯನ್ನು ಚೆನ್ನಾಗಿ ತಡೆದುಕೊಳ್ಳುವುದಕ್ಕೆ ಈ ಕಹಿಯೂ ಒಂದು ಕಾರಣವೆನ್ನುತ್ತಾರೆ.

ಇದಕ್ಕಿಂತ ಮುಖ್ಯವಾದ ಸಂಗತಿ ಚಿಕೋರಿ. ಅದು ಬೇರೊಂದು ಗಿಡದ ಬೇರು, ಹುರಿದು ಪುಡಿ ಮಾಡಿ ಬೆರೆಸುತ್ತಾರೆ. ಅದರಲ್ಲಿ ಕೆಫೀನ್ ಸ್ವಲ್ಪವೂ ಇಲ್ಲ. ಡಿಕಾಕ್ಷನ್ ಕಪ್ಪಾಗಿ, ಮಂದವಾಗಿ, ನಾಲಿಗೆಗೆ ಕಹಿಯಾಗಿ ಬಂದರೆ ಬಹಳ ಜನ ಅದನ್ನು ‘ಸ್ಟ್ರಾಂಗ್’ ಎಂದುಕೊಳ್ಳುತ್ತಾರೆ. ಹಲವು ಸಲ ಆ ಬಣ್ಣವೂ ಆ ಮಂದವೂ ಚಿಕೋರಿಯಿಂದಲೇ ಬಂದಿರುತ್ತವೆ. ಆದ್ದರಿಂದ ಬಣ್ಣ ನೋಡಿ, ರುಚಿ ನೋಡಿ ಕೆಫೀನ್ ಎಷ್ಟೆಂದು ಹೇಳಲು ಯಾರಿಂದಲೂ ಆಗುವುದಿಲ್ಲ. ಪುಡಿ ಮಾಡಿಸುವಾಗ ಎರಡು ಪ್ರಶ್ನೆ ಕೇಳಬೇಕು: ಚಿಕೋರಿ ನೂರಕ್ಕೆ ಎಷ್ಟು, ಉಳಿದದ್ದರಲ್ಲಿ ರೋಬಸ್ಟಾ ಎಷ್ಟು? ನಮ್ಮ ಕಡೆಯ ಅಂಗಡಿಯವರು ಕಣ್ಣೆದುರೇ ಬೆರೆಸಿಕೊಡುವುದರಿಂದ ಇದನ್ನು ತಿಳಿಯುವುದು ಕಷ್ಟವೇನಲ್ಲ.

ಕೈಮರ_ಸವಾರ

ಈಗಷ್ಟೇ ಅಂಗಡಿಗೆ ಹೋಗಿ ಕೇಳಿಕೊಂಡು ಬಂದೆ. ನಾವು ತರುವ ಪುಡಿಯಲ್ಲಿ ನೂರಕ್ಕೆ 30 ಭಾಗ ಚಿಕೋರಿ, ಉಳಿದ 70ರಲ್ಲಿ ಅರೇಬಿಕಾ ಮತ್ತು ರೋಬಸ್ಟಾ ಸಮಪಾಲು. ಮನೆಯಲ್ಲಿ ಫಿಲ್ಟರ್‌ಗೆ ಹಾಕುವ ಪುಡಿಯನ್ನು ಅಡುಗೆಮನೆಯ ತಕ್ಕಡಿಯಲ್ಲಿ ತೂಗಿದಾಗ 24 ಗ್ರಾಂ ಬಂತು. ಇಳಿಯುವ ಡಿಕಾಕ್ಷನ್ ಸುಮಾರು 120 ಮಿ.ಲೀ. ಒಂದು ಲೋಟಕ್ಕೆ ಅದರಲ್ಲಿ ಮೂರನೆಯ ಒಂದು ಭಾಗ, ಎಂದರೆ 40 ಮಿ.ಲೀ. ಹಾಕಿ, ಉಳಿದದ್ದು ಹಾಲು.

ಔಷಧ_ಪಾಠ (ಹಾಸನ)

ನಾನು ಔಷಧಶಾಸ್ತ್ರದ ಅಧ್ಯಾಪಕಿ. ನೀವು ತೂಗಿ ಅಳೆದು ಬರೆದಿರುವುದರಿಂದ ಲೆಕ್ಕ ಸುಲಭವಾಗಿದೆ.

24 ಗ್ರಾಂ ಪುಡಿಯಲ್ಲಿ ಚಿಕೋರಿಯನ್ನು ಕಳೆದರೆ ಹೆಚ್ಚುಕಡಿಮೆ 17 ಗ್ರಾಂ ಕಾಫಿ ಉಳಿಯುತ್ತದೆ. ಅದರಲ್ಲಿ ಅರ್ಧ ಅರೇಬಿಕಾ, ಅದರಿಂದ ಸುಮಾರು 100 ಮಿಲಿಗ್ರಾಂ ಕೆಫೀನ್. ಉಳಿದರ್ಧ ರೋಬಸ್ಟಾ, ಅದರಿಂದ ಸುಮಾರು 185. ಒಟ್ಟು 285 ಆಯಿತು. ಪುಡಿಯಲ್ಲಿರುವುದೆಲ್ಲ ನೀರಿಗೆ ಇಳಿಯುವುದಿಲ್ಲ, ಗಸಿಯಲ್ಲಿ ಒಂದಷ್ಟು ಉಳಿಯುತ್ತದೆ. ಐದರಲ್ಲಿ ನಾಲ್ಕು ಭಾಗ ಇಳಿಯಿತೆಂದು ಹಿಡಿದರೆ ಇಡೀ ಫಿಲ್ಟರ್‌ನ ಡಿಕಾಕ್ಷನ್‌ನಲ್ಲಿ 230 ಮಿಲಿಗ್ರಾಂ, ನಿಮ್ಮ ಒಂದು ಲೋಟದಲ್ಲಿ 75ರಿಂದ 80 ಮಿಲಿಗ್ರಾಂ ಇರುತ್ತದೆ. ಇದು ಅಂದಾಜೇ ಹೊರತು ಪ್ರಯೋಗಾಲಯದ ಅಳತೆಯಲ್ಲ. ಬೀಜದಿಂದ ಬೀಜಕ್ಕೆ, ನೀರಿನ ಬಿಸಿಯಿಂದ ಬಿಸಿಗೆ ವ್ಯತ್ಯಾಸವಾಗುತ್ತದೆ. ಮೊದಲು ತೊಟ್ಟಿಕ್ಕಿದ್ದು ಗಟ್ಟಿ, ಕೊನೆಯದು ತೆಳು ಆಗಿರುವುದರಿಂದ ಡಿಕಾಕ್ಷನ್ ಪೂರ್ತಿ ಇಳಿದ ಮೇಲೆ ಒಮ್ಮೆ ಕಲಕಿ ನಂತರ ಪಾಲು ಮಾಡಿ, ಇಲ್ಲವಾದರೆ ಈ ಅಂದಾಜೂ ತಪ್ಪುತ್ತದೆ. ಅದೇ ಪುಡಿಗೆ ಮತ್ತೆ ನೀರು ಹಾಕಿ ಇಳಿಸುವ ಎರಡನೆಯ ಡಿಕಾಕ್ಷನ್‌ನಲ್ಲಿ ಹೆಚ್ಚೇನೂ ಇರುವುದಿಲ್ಲ.

ಇನ್ನು, ಎಷ್ಟು ಬೇಕು ಎನ್ನುವ ಪ್ರಶ್ನೆ. ಕ್ರೀಡಾ ಸಂಶೋಧನೆಗಳಲ್ಲಿ ದೇಹತೂಕದ ಪ್ರತಿ ಕಿಲೋಗೆ 3ರಿಂದ 6 ಮಿಲಿಗ್ರಾಂ ಕೊಟ್ಟಾಗ ಲಾಭ ಕಂಡುಬಂದಿದೆ, ಕೆಲವರಲ್ಲಿ 2 ಮಿಲಿಗ್ರಾಂಗೂ ಕಂಡಿದೆ. 9ಕ್ಕೆ ಏರಿಸಿದರೆ ಲಾಭ ಹೆಚ್ಚುವುದಿಲ್ಲ, ನಡುಕ ಮತ್ತು ತಳಮಳ ಮಾತ್ರ ಹೆಚ್ಚುತ್ತವೆ. 68 ಕಿಲೋ ಇರುವ ನಿಮಗೆ 2ರ ಲೆಕ್ಕದಲ್ಲಿ 136, 3ರ ಲೆಕ್ಕದಲ್ಲಿ 204 ಮಿಲಿಗ್ರಾಂ ಆಗುತ್ತದೆ. ಎಂದರೆ ದಿನವೂ ಕುಡಿಯುವ ಒಂದು ಲೋಟ ಹಾಲು ಕಾಫಿಯಿಂದ ಸೈಕಲ್ ಏರಿಸಲು ಗಮನಾರ್ಹ ಸಹಾಯವಾಗುತ್ತದೆಂದು ನಿರೀಕ್ಷಿಸುವಂತಿಲ್ಲ. 70ರಿಂದ 100 ಮಿ.ಲೀ. ಡಿಕಾಕ್ಷನ್ ಬೇಕು. ಹಾಲು ಬೆರೆಸಿದರೆ ಕೆಫೀನ್ ಸಾಯುವುದಿಲ್ಲ. ಆದರೆ ಅಷ್ಟು ಡಿಕಾಕ್ಷನ್‌ಗೆ ಹೊಂದುವಷ್ಟು ಹಾಲು ಹೊಟ್ಟೆಯಲ್ಲಿ ಇಟ್ಟುಕೊಂಡು ಏರು ಹತ್ತುವುದು ಕಷ್ಟ, ಕರಿ ಕಾಫಿ ವಾಸಿ ಎನ್ನುವುದು ಆ ಕಾರಣಕ್ಕಾಗಿ.

ಲಾಭ ಭ್ರಮೆಯೇನೂ ಅಲ್ಲ. ಮೈ ದುಡಿದಂತೆಲ್ಲ ಮಿದುಳಿನಲ್ಲಿ ಅಡೆನೊಸಿನ್ ಎಂಬ ವಸ್ತು ಸೇರಿಕೊಳ್ಳುತ್ತಾ ದಣಿವನ್ನು ಸೂಚಿಸುತ್ತದೆ. ಅದು ಬಂದು ಕೂರಬೇಕಾದ ಜಾಗದಲ್ಲಿ ಕೆಫೀನ್ ಮೊದಲೇ ಕುಳಿತುಬಿಡುತ್ತದೆ, ಹಾಗಾಗಿ ಅದೇ ಶ್ರಮ ಸ್ವಲ್ಪ ಹಗುರವಾಗಿ ತೋರುತ್ತದೆ. ದೀರ್ಘಕಾಲದ ಓಟ, ಸೈಕಲ್ ಸವಾರಿಗಳಲ್ಲಿ ಸರಾಸರಿ ಶೇ. 2ರಿಂದ 4ರಷ್ಟು ಸುಧಾರಣೆ ಕಂಡಿದೆ. 55 ನಿಮಿಷದ ಏರಿನಲ್ಲಿ ಅದು ಒಂದರಿಂದ ಎರಡು ನಿಮಿಷ. ಭಾರ ಎತ್ತುವುದರಲ್ಲಿ ಲಾಭ ಇದಕ್ಕಿಂತಲೂ ಸಣ್ಣದು.

ಈಗ ನಿಮ್ಮ ಆ ಸಂಜೆಯ ಲೆಕ್ಕ ನೋಡಿ. ಪುಡಿಯಿಂದ 300, ಕಚೇರಿಯ ಎರಡು ಲೋಟದಿಂದ ಕಡಿಮೆಯೆಂದರೂ 100, ಒಟ್ಟು 400. ಆರೋಗ್ಯವಂತ ವಯಸ್ಕರಿಗೆ ಇಡೀ ದಿನಕ್ಕೆ ಯುರೋಪಿನ ಆಹಾರ ಸುರಕ್ಷತಾ ಸಂಸ್ಥೆ ಒಪ್ಪುವ ಮೇಲ್ಮಿತಿಯೇ ಅಷ್ಟು, ಒಂದೇ ಸಲಕ್ಕಾದರೆ 200. ನಮ್ಮ ರಾಷ್ಟ್ರೀಯ ಪೋಷಣಾ ಸಂಸ್ಥೆ 2024ರಲ್ಲಿ ಹೊರತಂದ ಮಾರ್ಗಸೂಚಿಯಲ್ಲಿ ದಿನಕ್ಕೆ 300 ದಾಟಬಾರದು ಎಂದಿದೆ. ದೇಹವು ಕೆಫೀನ್‌ನ ಅರ್ಧಭಾಗವನ್ನು ಕರಗಿಸಲು ಸರಾಸರಿ ಐದು ಗಂಟೆ ತೆಗೆದುಕೊಳ್ಳುತ್ತದೆ. ಹಾಗಾದರೆ ರಾತ್ರಿ ಹನ್ನೊಂದೂವರೆಗೆ ನೀವು ದೀಪ ಆರಿಸಿದಾಗ ಮೈಯಲ್ಲಿ ಹತ್ತಿರಹತ್ತಿರ 200 ಮಿಲಿಗ್ರಾಂ ಇನ್ನೂ ಇತ್ತು. ಎರಡೂವರೆ ಲೋಟ ಕಾಫಿಯನ್ನು ಹಾಸಿಗೆಯ ಪಕ್ಕದಲ್ಲಿ ನಿಂತು ಕುಡಿದು ಮಲಗಿದ ಹಾಗೆ. 2013ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ ಮಲಗುವುದಕ್ಕೆ ಆರು ಗಂಟೆ ಮೊದಲು 400 ಮಿಲಿಗ್ರಾಂ ತೆಗೆದುಕೊಂಡವರಿಗೂ ಒಂದು ಗಂಟೆಗಿಂತ ಹೆಚ್ಚು ನಿದ್ರೆ ಕಡಿಮೆಯಾಗಿತ್ತು. ಸಂಜೆ ಏಳರ ಜಿಮ್‌ಗಾಗಿ ಕೆಫೀನ್ ತೆಗೆದುಕೊಳ್ಳುವುದು ನನ್ನ ದೃಷ್ಟಿಯಲ್ಲಿ ನಷ್ಟದ ವ್ಯಾಪಾರ, ಏಕೆಂದರೆ ದುಡಿದ ಸ್ನಾಯು ಚೇತರಿಸಿಕೊಳ್ಳಬೇಕಾದ ನಿದ್ರೆಯನ್ನೇ ಅದು ಕೀಳುತ್ತದೆ. ಬಳಸುವುದಾದರೆ ಭಾನುವಾರದ ಬೆಳಗಿನ ಏರಿಗೆ ಮಾತ್ರ ಬಳಸಿ.

ನೀರಿನ ವಿಷಯದಲ್ಲಿ ಬೆಳಗಿನ_ಓಟ ಅವರು ಆತಂಕ ಪಡಬೇಕಾಗಿಲ್ಲ. ಈ ಪ್ರಮಾಣದ ಕಾಫಿ ವ್ಯಾಯಾಮದ ಹೊತ್ತಿನಲ್ಲಿ ಮೈಯ ನೀರನ್ನು ಬತ್ತಿಸುವುದಿಲ್ಲ. ಒಂದು ಗಂಟೆ ಮೊದಲು ಎಂದು ಅವರು ಹೇಳಿದ್ದು ಸರಿಯಾಗಿದೆ.

ರತ್ನಗಿರಿ_ನಡಿಗೆ (ಚಿಕ್ಕಮಗಳೂರು)

ಮೇಡಂ, ನನಗೆ 52 ವರ್ಷ. ದಿನಾ ಬೆಳಿಗ್ಗೆ ರತ್ನಗಿರಿ ಬೋರೆಯಲ್ಲಿ ಮುಕ್ಕಾಲು ಗಂಟೆ ನಡೆಯುತ್ತೇನೆ. ವ್ಯಾಯಾಮಕ್ಕೆ ಮುಂಚೆ ಕಾಫಿ ಕುಡಿಯಬಹುದು ಎಂದು ನೀವೆಲ್ಲರೂ ಹೇಳುತ್ತಿರುವುದು ಓದಿ ಸಮಾಧಾನವಾಯಿತು. ನಾನು ಎದ್ದ ಕೂಡಲೇ ಥೈರಾಯ್ಡ್ ಮಾತ್ರೆ ನುಂಗಿ, ಅದರ ಹಿಂದೆಯೇ ಬಿಸಿ ಕಾಫಿ ಕುಡಿದು ಹೊರಡುತ್ತೇನೆ. ನಡೆಯಲು ಹುರುಪು ಬರುತ್ತದೆ. ಆದರೂ ಕಳೆದ ಎರಡು ಸಲ ರಕ್ತಪರೀಕ್ಷೆಯಲ್ಲಿ ಅಂಕಿ ಸರಿ ಬಂದಿಲ್ಲವೆಂದು ವೈದ್ಯರು ಮಾತ್ರೆಯನ್ನು ಹೆಚ್ಚಿಸಿದ್ದಾರೆ. ನಡಿಗೆ ಇನ್ನೂ ಜಾಸ್ತಿ ಮಾಡಬೇಕೇ?

ಔಷಧ_ಪಾಠ

ಅಮ್ಮಾ, ನಿಮ್ಮ ತೊಂದರೆ ನಡಿಗೆಯಲ್ಲಿ ಇರುವಂತೆ ತೋರುವುದಿಲ್ಲ. ಮಾತ್ರೆಯ ಹಿಂದೆಯೇ ಕಾಫಿ ಕುಡಿದರೆ ಥೈರಾಯ್ಡ್ ಮಾತ್ರೆ ಕರುಳಿನಲ್ಲಿ ಸರಿಯಾಗಿ ಹೀರಿಕೊಳ್ಳುವುದಿಲ್ಲ. ನುಂಗಿದ್ದರಲ್ಲಿ ಒಂದು ಪಾಲು ವ್ಯರ್ಥವಾಗಿ, ಪರೀಕ್ಷೆಯಲ್ಲಿ ಔಷಧ ಸಾಲದೆಂದು ಕಾಣುತ್ತದೆ. ಮಾತ್ರೆಯನ್ನು ಬರಿಯ ನೀರಿನಲ್ಲಿ ನುಂಗಿ ನಡೆಯಲು ಹೊರಡಿ, ಮುಕ್ಕಾಲು ಗಂಟೆ ಮುಗಿಸಿ ಮನೆಗೆ ಬಂದು ಕಾಫಿ ಕುಡಿಯಿರಿ. ಆಗ ಅಂತರ ತಾನಾಗಿಯೇ ಸಿಗುತ್ತದೆ. ಆದರೆ ಇದುವರೆಗೆ ಕಾಫಿಯ ಜೊತೆಗೇ ನುಂಗುತ್ತಿದ್ದಿರಿ ಎಂಬುದನ್ನು ವೈದ್ಯರಿಗೆ ತಪ್ಪದೆ ತಿಳಿಸಿ. ಅವರು ಹೆಚ್ಚಿಸಿರುವ ಪ್ರಮಾಣ ಆ ಅಭ್ಯಾಸವನ್ನು ತಿಳಿಯದೆ ಹೆಚ್ಚಿಸಿದ್ದು. ಈಗ ಪೂರ್ತಿ ಹೀರಿಕೊಳ್ಳತೊಡಗಿದರೆ ಅದು ಅತಿಯಾಗಬಹುದು, ಎದೆ ಹೊಡೆದುಕೊಳ್ಳಬಹುದು. ಮತ್ತೆ ರಕ್ತಪರೀಕ್ಷೆ ಯಾವಾಗ ಎಂದು ಅವರನ್ನೇ ಕೇಳಿ.

ಮೂಡಿಗೆರೆ_ತೋಟ

ಔಷಧದ ಮಾತು ಬಂದಿದ್ದರಿಂದ ನನ್ನದೊಂದು ಅನುಭವ ಬರೆಯುತ್ತೇನೆ. ಎರಡು ವರ್ಷದ ಹಿಂದೆ ಮೂತ್ರದ ಸೋಂಕಿಗೆ ಸಿಪ್ರೊಫ್ಲಾಕ್ಸಾಸಿನ್ ಮಾತ್ರೆ ಕೊಟ್ಟಿದ್ದರು. ಮೂವತ್ತು ವರ್ಷದಿಂದ ದಿನಕ್ಕೆ ನಾಲ್ಕು ಲೋಟ ಕುಡಿಯುವವನು ನಾನು. ಆ ಐದು ದಿನ ಎರಡನೆಯ ಲೋಟಕ್ಕೇ ಕೈ ನಡುಗಿ, ರಾತ್ರಿಯೆಲ್ಲಾ ಕಣ್ಣು ಬಿಟ್ಟುಕೊಂಡು ಮಲಗಿದ್ದೆ. ಕಾಯಿಲೆಯೇ ಉಲ್ಬಣಿಸಿತೆಂದು ಹೆದರಿದ್ದೆ. ಮಾತ್ರೆ ಮುಗಿದ ಎರಡು ದಿನಕ್ಕೆ ಸರಿಹೋಯಿತು. ಇದಕ್ಕೂ ಕಾಫಿಗೂ ನಂಟಿದೆಯೇ ಮೇಡಂ?

ಔಷಧ_ಪಾಠ

ಇದೆ ಸರ್. ಕೆಫೀನನ್ನು ಒಡೆಯುವ ಕೆಲಸವನ್ನು ಪಿತ್ತಜನಕಾಂಗದ ಒಂದು ಕಿಣ್ವ ಮಾಡುತ್ತದೆ. ಸಿಪ್ರೊಫ್ಲಾಕ್ಸಾಸಿನ್ ಆ ಕಿಣ್ವವನ್ನು ತಡೆಯುತ್ತದೆ, ಆದ್ದರಿಂದ ಹಿಂದಿನ ಲೋಟ ಕರಗುವ ಮೊದಲೇ ಮುಂದಿನದು ಬಂದು ಸೇರುತ್ತದೆ. ಖಿನ್ನತೆ ಮತ್ತು ಗೀಳಿನ ಕಾಯಿಲೆಗೆ ಕೊಡುವ ಫ್ಲೂವಾಕ್ಸಮಿನ್ ಇನ್ನೂ ಬಲವಾಗಿ ತಡೆಯುತ್ತದೆ. ಗರ್ಭನಿರೋಧಕ ಮಾತ್ರೆ ತೆಗೆದುಕೊಳ್ಳುವ ಹೆಣ್ಣುಮಕ್ಕಳಲ್ಲಿ ಕೆಫೀನ್ ಕರಗಲು ಸುಮಾರು ಇಮ್ಮಡಿ ಹೊತ್ತು ಬೇಕು. ಗರ್ಭಿಣಿಯರಲ್ಲಿ ಕೊನೆಯ ತಿಂಗಳುಗಳಲ್ಲಿ ಇನ್ನೂ ನಿಧಾನ, ಅದು ಮಗುವನ್ನೂ ತಲುಪುತ್ತದೆ. ಅವರಿಗೆ ದಿನಕ್ಕೆ 200 ಮಿಲಿಗ್ರಾಂ ಎಂಬ ಮಿತಿ ಇರುವುದರಿಂದ ವ್ಯಾಯಾಮಕ್ಕೆಂದು ಪ್ರತ್ಯೇಕವಾಗಿ ತೆಗೆದುಕೊಳ್ಳುವ ಮಾತೇ ಬೇಡ. ಧೂಮಪಾನಿಗಳಲ್ಲಿ ಇದಕ್ಕೆ ತಿರುಗುಮುರುಗು, ಅವರಲ್ಲಿ ಬೇಗ ಕರಗುತ್ತದೆ. ಸಿಗರೇಟು ಬಿಟ್ಟವರು ಅದೇ ನಾಲ್ಕು ಲೋಟವನ್ನು ಮುಂದುವರಿಸಿದರೆ ತಳಮಳ ಕಾಣಿಸಿಕೊಳ್ಳುವುದು ಇದರಿಂದಲೂ ಇರಬಹುದು. ಆಸ್ತಮಾಕ್ಕೆ ಥಿಯೋಫಿಲಿನ್ ಮಾತ್ರೆ ತೆಗೆದುಕೊಳ್ಳುವವರೂ ಎಚ್ಚರದಿಂದಿರಬೇಕು, ಅದು ಕೆಫೀನ್‌ನ ಒಡಹುಟ್ಟಿನಂಥ ವಸ್ತು, ಎರಡರ ದುಷ್ಪರಿಣಾಮಗಳೂ ಕೂಡಿಕೊಳ್ಳುತ್ತವೆ.

ರೈಡರ್_19 (ಕಡೂರು)

ನಾನು ಕಬಡ್ಡಿ ಆಡುತ್ತೇನೆ. ವಯಸ್ಸು 19, ತೂಕ 58. ಮುಂದಿನ ತಿಂಗಳು ವಿಶ್ವವಿದ್ಯಾಲಯ ಮಟ್ಟದ ಪಂದ್ಯವಿದೆ. ಒಂದೇ ದಿನ ಮೂರು ಪಂದ್ಯ ಆಡಬೇಕಾಗಬಹುದು. ತಂಡದವರೆಲ್ಲ ಎನರ್ಜಿ ಡ್ರಿಂಕ್ ಕುಡಿಯುತ್ತಾರೆ. ಸೀನಿಯರ್ ಅಣ್ಣ ಒಬ್ಬರು ಶುದ್ಧ ಕೆಫೀನ್ ಪುಡಿಯನ್ನು ಆನ್‌ಲೈನ್‌ನಲ್ಲಿ ತರಿಸೋಣ, ಅಗ್ಗವಾಗುತ್ತದೆ ಎನ್ನುತ್ತಿದ್ದಾರೆ. ಕೆಫೀನ್ ತೆಗೆದುಕೊಂಡರೆ ಡೋಪಿಂಗ್ ಪರೀಕ್ಷೆಯಲ್ಲಿ ಸಿಕ್ಕಿಬೀಳುತ್ತೇವೆಯೇ?

ಬೆಳಗಿನ_ಓಟ

ತಮ್ಮಾ, ಕೆಫೀನ್ ನಿಷೇಧಿತ ವಸ್ತು. ಮೂತ್ರದಲ್ಲಿ ಇಂತಿಷ್ಟು ಮೀರಿದರೆ ಹೊರಗೆ ಹಾಕುತ್ತಾರೆ. ಕಾಲೇಜಿನಲ್ಲಿದ್ದಾಗ ನಮ್ಮ ತರಬೇತುದಾರರು ಹೇಳಿದ್ದು ನನಗೆ ಚೆನ್ನಾಗಿ ನೆನಪಿದೆ.

ಔಷಧ_ಪಾಠ

ನಿಮ್ಮ ತರಬೇತುದಾರರು ಆಗ ಹೇಳಿದ್ದು ಸರಿಯಾಗಿತ್ತು, ಮೊದಲು ಹಾಗೊಂದು ಮಿತಿ ಇತ್ತು. 2004ರಿಂದ ವಿಶ್ವ ಉದ್ದೀಪನ ಮದ್ದು ತಡೆ ಸಂಸ್ಥೆ, ಎಲ್ಲರೂ ‘ವಾಡಾ’ ಎನ್ನುವ ಸಂಸ್ಥೆ, ಕೆಫೀನನ್ನು ನಿಷೇಧಿತ ಪಟ್ಟಿಯಿಂದ ತೆಗೆದಿದೆ. ಬಳಕೆ ಹೇಗಿದೆಯೆಂದು ಗಮನಿಸುತ್ತಿದೆಯಷ್ಟೆ. ಆದರೆ ಹಲವು ವಸ್ತು ಬೆರೆಸಿದ ಪುಡಿಗಳಲ್ಲಿ ಲೇಬಲ್ಲಿನಲ್ಲಿ ಹೇಳದ ಬೇರೆ ಉತ್ತೇಜಕಗಳು ಇರುವ ಸಾಧ್ಯತೆ ಉಂಟು. ಸಿಕ್ಕಿಬೀಳುವ ಅಪಾಯ ಅಲ್ಲಿದೆ, ಕೆಫೀನ್‌ನಲ್ಲಿ ಅಲ್ಲ.

ಶುದ್ಧ ಪುಡಿಯ ವಿಷಯವನ್ನು ದಯವಿಟ್ಟು ನಿಧಾನವಾಗಿ ಓದಿ, ಆ ಅಣ್ಣನಿಗೂ ಓದಿಸಿ. ನಿಮಗೆ ಬೇಕಾದದ್ದು 3ರ ಲೆಕ್ಕದಲ್ಲಿ 174 ಮಿಲಿಗ್ರಾಂ. ಒಂದು ಸಣ್ಣ ಟೀ ಚಮಚ ಶುದ್ಧ ಪುಡಿಯಲ್ಲಿ ಇರುವುದು ಸುಮಾರು 3 ಗ್ರಾಂ, ಎಂದರೆ 3000 ಮಿಲಿಗ್ರಾಂ. 1200 ಮಿಲಿಗ್ರಾಂ ಒಮ್ಮೆಗೇ ಹೊಟ್ಟೆಗೆ ಹೋದರೆ ಅಪಸ್ಮಾರದಂತೆ ಮೈ ಸೆಟೆದುಕೊಳ್ಳುವ ಮಟ್ಟದ ವಿಷವಾಗಬಹುದು. ಅಡುಗೆಮನೆಯ ತಕ್ಕಡಿ ಗ್ರಾಂ ತೋರಿಸುತ್ತದೆಯೇ ಹೊರತು ಗ್ರಾಂನ ಐದನೆಯ ಒಂದು ಭಾಗವನ್ನು ನಂಬುವ ಹಾಗೆ ತೋರಿಸುವುದಿಲ್ಲ. ಚಮಚದ ತುದಿಯಲ್ಲಿ ಎತ್ತಿದ್ದು ಸರಿಯೋ, ಹತ್ತರಷ್ಟೋ ಎಂದು ಕಣ್ಣಿಗೆ ತಿಳಿಯುವುದಿಲ್ಲ. ಹೊರದೇಶಗಳಲ್ಲಿ ನಿಮ್ಮ ವಯಸ್ಸಿನ ಹುಡುಗರು ಇದರಿಂದ ಸತ್ತಿದ್ದಾರೆ. ಆ ಪುಡಿಯನ್ನು ತರಿಸಲೇಬೇಡಿ.

ಎನರ್ಜಿ ಡ್ರಿಂಕ್‌ಗೆ ನಮ್ಮ ದೇಶದ ನಿಯಮದಂತೆ ಲೀಟರಿಗೆ ಹೆಚ್ಚೆಂದರೆ 300 ಮಿಲಿಗ್ರಾಂ ಕೆಫೀನ್ ಇರಬಹುದು. ಹಾಗಾಗಿ 250 ಮಿ.ಲೀ. ಡಬ್ಬಿಯೊಂದರಲ್ಲಿ 75 ಮಿಲಿಗ್ರಾಂ ಮೀರುವಂತಿಲ್ಲ, ಅದು ಕೈಮರ_ಸವಾರ ಅವರ ಮನೆಯ ಒಂದು ಲೋಟಕ್ಕೆ ಸಮ. ತೊಂದರೆಯಾಗುವುದು ಪ್ರತಿ ಪಂದ್ಯಕ್ಕೂ ಒಂದೆರಡರಂತೆ ಕುಡಿದಾಗ. ಮೂರು ಪಂದ್ಯವಿರುವ ದಿನ ಬೆಳಿಗ್ಗೆ ಕುಡಿದದ್ದು ಮಧ್ಯಾಹ್ನಕ್ಕೂ ಅರ್ಧದಷ್ಟು ಮೈಯಲ್ಲಿರುತ್ತದೆ, ಅದರ ಮೇಲೆ ಅಷ್ಟನ್ನೇ ಮತ್ತೆ ಸುರಿಯಬಾರದು. ತಂಡದಲ್ಲಿ 18 ದಾಟದ ಹುಡುಗರಿದ್ದರೆ ಅವರಿಗೆ ಯಾವುದನ್ನೂ ಕೊಡಬೇಡಿ. ಮೊದಲ ಸಲ ಪಂದ್ಯದ ದಿನವೇ ಪ್ರಯೋಗ ಮಾಡುವುದೂ ಬೇಡ. ಕೈ ನಡುಗಿದರೆ, ಹೊಟ್ಟೆ ಕೆಟ್ಟರೆ ಅದು ಅಭ್ಯಾಸದ ದಿನ ತಿಳಿಯಲಿ.

ಮಹಾರಾಜ_ಪಾರ್ಕ್ (ಹಾಸನ)

ನನಗೆ 58. ನಾಲ್ಕು ವರ್ಷದಿಂದ ಬಿ.ಪಿ. ಮಾತ್ರೆ ತೆಗೆದುಕೊಳ್ಳುತ್ತಿದ್ದೇನೆ, 130ರ ಆಸುಪಾಸಿನಲ್ಲಿದೆ. ಇದುವರೆಗೆ ಪಾರ್ಕಿನಲ್ಲಿ ನಡೆಯುತ್ತಿದ್ದೆ, ಎರಡು ತಿಂಗಳಿಂದ ಮಗನ ಜೊತೆಯಲ್ಲಿ ಜಿಮ್‌ಗೂ ಹೋಗುತ್ತಿದ್ದೇನೆ. ಹೋಗುವ ಮೊದಲು ಒಂದು ಲೋಟ ಕಾಫಿ ಅಭ್ಯಾಸ. ನಾನು ಬಿಡಬೇಕೇ?

ಔಷಧ_ಪಾಠ

ಬಿಡಲೇಬೇಕು ಎಂದು ಇಲ್ಲಿ ಕುಳಿತು ಹೇಳಲಾರೆ, ಆದರೆ ನೀವೇ ಪರೀಕ್ಷಿಸಿ ನೋಡಬಹುದಾದ ವಿಧಾನವೊಂದಿದೆ. ರಜೆಯ ದಿನ, ಅಂದಿನ ಮೊದಲ ಕಾಫಿಗೆ ಮುನ್ನ, ಐದು ನಿಮಿಷ ಸುಮ್ಮನೆ ಕುಳಿತು ಮನೆಯ ಯಂತ್ರದಲ್ಲಿ ಬಿ.ಪಿ. ನೋಡಿ ಬರೆದಿಡಿ. ಕಾಫಿ ಕುಡಿದು ಅರ್ಧ ಗಂಟೆಗೆ ಒಮ್ಮೆ, ಒಂದು ಗಂಟೆಗೆ ಮತ್ತು ಎರಡು ಗಂಟೆಗೆ ಮತ್ತೊಮ್ಮೆ ನೋಡಿ. ಎರಡು ಮೂರು ದಿನ ಹೀಗೆ ಮಾಡಿದಾಗ ಪ್ರತಿ ಸಲವೂ 5ರಿಂದ 10ರಷ್ಟು ಏರುತ್ತಿದ್ದರೆ ನಿಮ್ಮ ಮೈ ಕೆಫೀನ್‌ಗೆ ಸ್ಪಂದಿಸುತ್ತದೆ ಎಂದರ್ಥ. ದಿನವೂ ಕುಡಿಯುವವರಲ್ಲಿ ಈ ಏರಿಕೆ ಸಾಮಾನ್ಯವಾಗಿ ಕಡಿಮೆ.

ಇದನ್ನು ಇಷ್ಟು ಒತ್ತಿ ಹೇಳಲು ಕಾರಣ ನಿಮ್ಮ ಹೊಸ ವ್ಯಾಯಾಮ. ನಡಿಗೆಯಲ್ಲಿ ಬಿ.ಪಿ. ಮೆಲ್ಲನೆ ಏರುತ್ತದೆ. ಉಸಿರು ಬಿಗಿಹಿಡಿದು ಭಾರ ಎತ್ತುವಾಗ ಆ ಕ್ಷಣದಲ್ಲಿ ಅದು ಬಹಳ ಮೇಲಕ್ಕೆ ಹಾರುತ್ತದೆ. ಕಾಫಿಯಿಂದ ಆಗಲೇ ಏರಿರುವ ಮಟ್ಟದ ಮೇಲೆ ಆ ಹಾರುವಿಕೆ ಸೇರಿಕೊಳ್ಳುತ್ತದೆ. ನಿಮ್ಮ ಪರೀಕ್ಷೆಯಲ್ಲಿ ಏರಿಕೆ ಕಂಡರೆ ಜಿಮ್‌ಗೆ ಮುಂಚಿನ ಲೋಟವನ್ನು ವ್ಯಾಯಾಮದ ನಂತರಕ್ಕೆ ತಳ್ಳಿ, ಭಾರ ಎತ್ತುವಾಗ ಉಸಿರನ್ನು ಹೊರಬಿಡುತ್ತಾ ಎತ್ತಿ, ಬರೆದ ಅಂಕಿಗಳನ್ನು ವೈದ್ಯರಿಗೆ ತೋರಿಸಿ. ಬಿ.ಪಿ. ಹತೋಟಿಗೆ ಬಾರದವರು, ಎದೆಬಡಿತದ ಲಯ ತಪ್ಪುವ ತೊಂದರೆ ಇರುವವರು, ಇದ್ದಕ್ಕಿದ್ದಂತೆ ಭಯ ಆವರಿಸಿ ಎದೆ ಹೊಡೆದುಕೊಳ್ಳುವ ಪ್ಯಾನಿಕ್ ಕಾಯಿಲೆ ಇರುವವರು ಈ ಪ್ರಯೋಗಕ್ಕೂ ಇಳಿಯಬಾರದು. ವ್ಯಾಯಾಮದ ನಡುವೆ ಎದೆನೋವು, ತಲೆಸುತ್ತು ಅಥವಾ ಎದೆಬಡಿತದಲ್ಲಿ ತಾಳ ತಪ್ಪಿದ ಅನುಭವವಾದರೆ ಅದನ್ನು ಕಾಫಿಯ ತಲೆಗೆ ಕಟ್ಟಿ ಮನೆಗೆ ಹೋಗಿ ಮಲಗಬೇಡಿ, ನೇರವಾಗಿ ಆಸ್ಪತ್ರೆಗೆ ಹೋಗಿ.

ಬೆಳಗಿನ_ಓಟ

ಮೇಡಂ, ಅರೇಬಿಕಾ ಮತ್ತು ಡೋಪಿಂಗ್ ವಿಷಯದಲ್ಲಿ ನಾನು ತಪ್ಪಿದ್ದನ್ನು ಒಪ್ಪುತ್ತೇನೆ. ಆದರೆ ದಿನಾ ಕುಡಿಯುವವರಿಗೆ ಲಾಭವಿಲ್ಲ ಎನ್ನುವುದನ್ನು ಬಿಟ್ಟುಕೊಡಲಾರೆ. ನಾನೇ ಒಂದು ವಾರ ಬಿಟ್ಟು ಓಡಿದಾಗ ವ್ಯತ್ಯಾಸ ಸ್ಪಷ್ಟವಾಗಿತ್ತು.

ಔಷಧ_ಪಾಠ

ಇದರಲ್ಲಿ ಸಂಶೋಧಕರಲ್ಲೇ ಒಮ್ಮತವಿಲ್ಲ. ರೂಢಿಯಿದ್ದವರಲ್ಲಿ ಲಾಭ ಕುಗ್ಗುತ್ತದೆಂದು ತೋರಿಸಿದವರೂ ಇದ್ದಾರೆ, ಕಡಿಮೆ ಕುಡಿಯುವವರಿಗೂ ಹೆಚ್ಚು ಕುಡಿಯುವವರಿಗೂ ಒಂದೇ ಬಗೆಯ ಲಾಭ ಕಂಡವರೂ ಇದ್ದಾರೆ. ನಾನು ಒಂದು ಪಕ್ಷ ಹಿಡಿಯುವುದಿಲ್ಲ. ಆದರೆ ಬಿಟ್ಟ ಮೊದಲ ಎರಡು ಮೂರು ದಿನ ತಲೆನೋವು, ಮಂಕು, ಸಿಡುಕು ಬರುತ್ತವೆ, ಕೆಲವರಿಗೆ ವಾರದವರೆಗೂ ಇರುತ್ತವೆ. ಸ್ಪರ್ಧೆಯ ಹಿಂದಿನ ವಾರವನ್ನು ಹಾಗೆ ಕಳೆಯುವುದು ಲಾಭವೇ ಎಂದು ಯೋಚಿಸಬೇಕು.

ಮೂಡಿಗೆರೆ_ತೋಟ

ಕೈಮರ_ಸವಾರ ಅವರಿಗೊಂದು ಸಲಹೆ. ಭ್ರಮೆಯೋ ನಿಜವೋ ಎಂದು ಕೇಳಿದ್ದಿರಿ. ಅಂಗಡಿಯಲ್ಲಿ ಬರಿಯ ಚಿಕೋರಿ ಪುಡಿ ಸಿಗುತ್ತದೆ. ಅದನ್ನೇ ಇಳಿಸಿ ಬೆಲ್ಲ ಹಾಕಿದರೆ ಕಪ್ಪಾಗಿ, ಕಹಿಯಾಗಿ, ಕಾಫಿಯ ಹಾಗೆಯೇ ತೋರುತ್ತದೆ. ಒಂದು ಭಾನುವಾರ ಅದು, ಒಂದು ಭಾನುವಾರ ಕಾಫಿ, ಯಾವುದು ಯಾವಾಗ ಎಂದು ನಿಮಗೆ ಹೇಳದೆ ಮನೆಯವರು ಮಾಡಿಕೊಡಲಿ.

ಕೈಮರ_ಸವಾರ (ಐದು ವಾರಗಳ ನಂತರ)

ತೋಟದವರ ಸಲಹೆಯಂತೆ ಮಾಡಿದೆ. ನಾಲ್ಕು ಭಾನುವಾರ, ಪ್ರತಿ ಸಲವೂ ಐದೂಕಾಲಿಗೆ 100 ಮಿ.ಲೀ. ಕುಡಿದು ಆರೂಕಾಲಿಗೆ ಕೈಮರ ಬಿಟ್ಟೆ. ಯಾವ ದಿನ ಏನು ಕೊಟ್ಟಿದ್ದೇನೆಂದು ನನ್ನ ಹೆಂಡತಿ ಚೀಟಿಯಲ್ಲಿ ಬರೆದಿಟ್ಟಿದ್ದಳು. ಎಲ್ಲ ಮುಗಿದ ಮೇಲೆ ಚೀಟಿ ಬಿಚ್ಚಿ ನೋಡಿದೆವು. ಕಾಫಿಯ ಎರಡು ದಿನ 52 ನಿಮಿಷ 40 ಸೆಕೆಂಡ್ ಮತ್ತು 53 ನಿಮಿಷ 30 ಸೆಕೆಂಡ್. ಚಿಕೋರಿಯ ಎರಡು ದಿನ 54 ನಿಮಿಷ 20 ಸೆಕೆಂಡ್ ಮತ್ತು 53 ನಿಮಿಷ 50 ಸೆಕೆಂಡ್. ಸರಾಸರಿಯಲ್ಲಿ ಸರಿಯಾಗಿ ಒಂದು ನಿಮಿಷದ ಅಂತರ. ಆದರೆ ಕಾಫಿಯ ನಿಧಾನದ ದಿನಕ್ಕೂ ಚಿಕೋರಿಯ ವೇಗದ ದಿನಕ್ಕೂ ಇರುವುದು 20 ಸೆಕೆಂಡ್ ಮಾತ್ರ. ಒಂದು ಚಿಕೋರಿ ದಿನ ಮೇಲಿನ ತಿರುವುಗಳಲ್ಲಿ ಎದುರುಗಾಳಿ ಜೋರಾಗಿತ್ತು. ನಾಲ್ಕರಲ್ಲಿ ಮೂರು ದಿನ ಏನು ಕುಡಿದಿದ್ದೇನೆಂದು ನಾನು ಸರಿಯಾಗಿ ಊಹಿಸಿಯೂ ಇದ್ದೆ, ಆದ್ದರಿಂದ ಪರೀಕ್ಷೆ ಪೂರ್ತಿ ಕಣ್ಣುಕಟ್ಟಿದ್ದಾಗಿರಲಿಲ್ಲ.

ಸಂಜೆಯ ಕಾಫಿಯನ್ನು ನಾಲ್ಕು ಗಂಟೆಯ ಲೋಟಕ್ಕೇ ನಿಲ್ಲಿಸಿದ್ದೇನೆ. ಜಿಮ್‌ನಲ್ಲಿ ಎತ್ತುವ ತೂಕ ಕಡಿಮೆಯಾಗಿಲ್ಲ, ಹನ್ನೊಂದೂವರೆಗೆ ನಿದ್ರೆ ಬರುತ್ತಿದೆ.

ಔಷಧ_ಪಾಠ

ಬಹಳ ಶ್ರದ್ಧೆಯಿಂದ ಮಾಡಿದ್ದೀರಿ. ಒಂದು ಪ್ರಶ್ನೆ: ಚಿಕೋರಿ ಕುಡಿದ ದಿನ ಏರುವಾಗ ತಲೆ ಭಾರವಿತ್ತೇ?

ಕೈಮರ_ಸವಾರ

ಹೌದು ಮೇಡಂ, ಎರಡೂ ದಿನ ಹಣೆಯ ಹತ್ತಿರ ಹಿಡಿದುಕೊಂಡಂತಿತ್ತು. ಊಹೆ ಸರಿಯಾಗಲು ಅದೂ ಕಾರಣ.

ಔಷಧ_ಪಾಠ

ಹಾಗಾದರೆ ನಿಮ್ಮ ಒಂದು ನಿಮಿಷಕ್ಕೆ ಎರಡು ಅರ್ಥ ಮಾಡಬಹುದು. ಶನಿವಾರ ನಾಲ್ಕು ಗಂಟೆಗೆ ಕೊನೆಯ ಲೋಟ ಕುಡಿದ ನೀವು ಭಾನುವಾರ ಆರೂಕಾಲಿಗೆ ಹೊರಡುವ ಹೊತ್ತಿಗೆ ಹದಿನಾಲ್ಕು ಗಂಟೆ ಕೆಫೀನ್ ಇಲ್ಲದೆ ಇರುತ್ತೀರಿ. ಬಿಟ್ಟದ್ದರ ತಲೆನೋವು ಶುರುವಾಗುವುದು ಹನ್ನೆರಡರಿಂದ ಇಪ್ಪತ್ತನಾಲ್ಕು ಗಂಟೆಯ ಒಳಗೆ. ಕಾಫಿ ನಿಮ್ಮನ್ನು ಒಂದು ನಿಮಿಷ ಮುಂದೆ ತಳ್ಳಿತೋ, ಅಥವಾ ಕಾಫಿ ಸಿಗದ ಮೈ ಒಂದು ನಿಮಿಷ ಹಿಂದೆ ಬಿದ್ದಿತೋ ಎಂದು ಈ ನಾಲ್ಕು ಭಾನುವಾರಗಳಿಂದ ಹೇಳಲಾಗುವುದಿಲ್ಲ. ಸಂಶೋಧಕರ ನಡುವೆಯೂ ಇದೇ ಜಗಳ ನಡೆದಿದೆ.

ಬೆಳಗಿನ_ಓಟ

ಹತ್ತು ದಿನ ಪೂರ್ತಿ ಬಿಟ್ಟು, ತಲೆನೋವು ಕಳೆದ ಮೇಲೆ ಇದೇ ಪರೀಕ್ಷೆಯನ್ನು ಮಾಡಿದರೆ ಗೊತ್ತಾಗುತ್ತದಲ್ಲವೇ? ಮಾಡುವುದಾದರೆ ನಾನೂ ಜೊತೆಗೆ ಬರುತ್ತೇನೆ.

ಕೈಮರ_ಸವಾರ

ಮಳೆ ನಿಂತ ಮೇಲೆ ಮಾಡೋಣ. ಚಿಕೋರಿ ಇನ್ನೂ ಕಾಲು ಕಿಲೋ ಉಳಿದಿದೆ.